ಒಂದೇ ಫಿಲ್ಟರ್, ಆರು ರಾತ್ರಿ

ಫೋನಿನಲ್ಲಿ ನಾವಾಡುವ ಮಾತು ಆ ಕಡೆಯವರ ಕಿವಿ ಮುಟ್ಟುವ ಮೊದಲು ಬರೀ ಸಂಖ್ಯೆಗಳಾಗಿ ಸಾಗುತ್ತದೆ. ಹಳೆಯ ಟೆಲಿಫೋನ್ ಗುಣಮಟ್ಟದ ಧ್ವನಿಗೆ ಸೆಕೆಂಡಿಗೆ 8000 ಸಂಖ್ಯೆಗಳು. ಒಂದೊಂದನ್ನೂ ಸ್ಯಾಂಪಲ್ ಎನ್ನುತ್ತಾರೆ. ಅದರಲ್ಲಿರುವ ಕೀರಲು ಸದ್ದನ್ನು ತೆಗೆಯಬೇಕೆಂದರೆ ಈ ಸಂಖ್ಯೆಗಳನ್ನೇ ಗುಣಿಸಿ, ಕೂಡಿ, ಹೊಸ ಸಂಖ್ಯೆಗಳನ್ನು ಮಾಡಬೇಕು. ಡಿಜಿಟಲ್ ಫಿಲ್ಟರ್ ಎಂದರೆ ಇಷ್ಟೇ. ಯಾವ ಸಂಖ್ಯೆಯಿಂದ ಗುಣಿಸಬೇಕು, ಗುಣಿಸಿದರೆ ಏನಾಗುತ್ತದೆ ಎಂಬುದನ್ನು ಕಲಿಸುವ ವಿಷಯಕ್ಕೆ ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್ ಎಂದು ಹೆಸರು. ಎಲೆಕ್ಟ್ರಾನಿಕ್ಸ್ ಓದುವವರ ಬಾಯಲ್ಲಿ ಅದು ಡಿಎಸ್‌ಪಿ. ಝಡ್-ಟ್ರಾನ್ಸ್‌ಫಾರ್ಮ್‌ನಿಂದ ಹೊರಟು ಫಿಲ್ಟರ್ ಡಿಸೈನ್‌ಗೆ ಬಂದು ನಿಲ್ಲುವುದು ಅದರ ದಾರಿ.

ಡಿಪ್ಲೊಮಾ ಮುಗಿಸಿ, ಹಗಲು ಪೀಣ್ಯದ ಯಾವುದೋ ಕಾರ್ಖಾನೆಯ ಟೆಸ್ಟಿಂಗ್ ಬೆಂಚಿನಲ್ಲಿ ದುಡಿದು, ಸಂಜೆ ಬಿ.ಇ. ತರಗತಿಗೆ ಬರುವವರು ಪರೀಕ್ಷೆಯ ವಾರ ಈ ಪುಸ್ತಕವನ್ನು ತೆರೆದಾಗ ಸಾಮಾನ್ಯವಾಗಿ ಒಂದು ಪಟ್ಟಿ ಮಾಡಿಕೊಳ್ಳುತ್ತಾರೆ: ದಿನಕ್ಕೊಂದು ಅಧ್ಯಾಯ, ಪುಸ್ತಕದ ಕ್ರಮದಲ್ಲಿ. ನೋಡಲು ಸರಿಯಾಗಿಯೇ ಇರುತ್ತದೆ. ಆದರೆ ಅದರಲ್ಲಿ ಫಿಲ್ಟರ್ ಡಿಸೈನ್ ಬೀಳುವುದು ವಾರದ ಕೊನೆಯ ರಾತ್ರಿಗೆ, ಮೈ ಅತ್ಯಂತ ದಣಿದಿರುವ ಹೊತ್ತಿಗೆ. ನಡುವೆ ಒಂದು ದಿನ ಓವರ್‌ಟೈಮ್ ಬಂದರೆ ಆ ರಾತ್ರಿಯೂ ಹೋಯಿತು. ಅಂಕ ಹೆಚ್ಚಿರುವುದು ಅಲ್ಲಿಯೇ, ಏಕೆಂದರೆ ಐಐಆರ್ ಮತ್ತು ಎಫ್‌ಐಆರ್ ಎಂಬ ಎರಡು ಬಗೆಯ ಫಿಲ್ಟರ್‌ಗಳಿಗೂ ಬೇರೆ ಬೇರೆ ಪ್ರಶ್ನೆ ಬರುತ್ತವೆ. ವಿಟಿಯು ಮಾದರಿಯ ಪತ್ರಿಕೆಯಲ್ಲಿ ಪ್ರತಿ ಮಾಡ್ಯೂಲ್‌ನಿಂದ ಎರಡು ಪೂರ್ಣ ಪ್ರಶ್ನೆ ಕೊಟ್ಟು ಒಂದನ್ನು ಬರೆಯಲು ಹೇಳುತ್ತಾರೆ. ಹಾಗಾಗಿ ಒಂದಿಡೀ ಮಾಡ್ಯೂಲ್ ಕೈಬಿಟ್ಟರೆ ಅಷ್ಟೂ ಅಂಕ ಹೋದಂತೆ.

ನಾನು ಹೇಳುವ ಯೋಜನೆ ಬೇರೆ. ವಾರವಿಡೀ ಒಂದೇ ಫಿಲ್ಟರ್ ಇಟ್ಟುಕೊಳ್ಳಿ. ಪ್ರತಿ ಅಧ್ಯಾಯವನ್ನೂ ಅದರ ಮೇಲೆಯೇ ಮಾಡಿ ನೋಡಿ. ಭಾನುವಾರ ಬರೆದ ಸಂಖ್ಯೆ ಮಂಗಳವಾರ ಮತ್ತೆ ಎದುರಾದರೆ ಅದನ್ನು ಹೊಸದಾಗಿ ಕಲಿಯಬೇಕಿಲ್ಲ, ತಪ್ಪಾಗಿದ್ದರೆ ತಕ್ಷಣ ಗೊತ್ತಾಗುತ್ತದೆ. ಪರೀಕ್ಷೆ ಶನಿವಾರ ಮಧ್ಯಾಹ್ನ ಎಂದಿಟ್ಟುಕೊಳ್ಳೋಣ. ಭಾನುವಾರ ಐದು ಗಂಟೆ, ಉಳಿದ ದಿನ ಬೆಳಿಗ್ಗೆ ಒಂದು ಗಂಟೆ, ರಾತ್ರಿ ಒಂದೂವರೆ ಗಂಟೆ ಸಿಕ್ಕರೆ ಒಟ್ಟು ಹದಿನೇಳೂವರೆ ಗಂಟೆ. ಅದು ಸಾಕು.

ನಮ್ಮ ಫಿಲ್ಟರ್ ಇದು. ಸೆಕೆಂಡಿಗೆ 8000 ಸ್ಯಾಂಪಲ್ ಬರುವ ಧ್ವನಿಯಲ್ಲಿ 1000 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳನ್ನು ಬಿಟ್ಟುಕೊಟ್ಟು ಮೇಲಿನವನ್ನು ತಗ್ಗಿಸುತ್ತದೆ.

```
y[n] = 0.0976 x[n] + 0.1953 x[n-1] + 0.0976 x[n-2]
       + 0.9428 y[n-1] - 0.3333 y[n-2]
```

`x` ಎಂದರೆ ಒಳಗೆ ಬರುವ ಸಂಖ್ಯೆ, `y` ಎಂದರೆ ಹೊರಗೆ ಹೋಗುವ ಸಂಖ್ಯೆ. ಈಗ ಬಂದ ಸ್ಯಾಂಪಲ್, ಅದರ ಹಿಂದಿನ ಎರಡು ಸ್ಯಾಂಪಲ್, ಈಗಾಗಲೇ ಹೊರಗೆ ಕಳಿಸಿದ ಎರಡು ಉತ್ತರಗಳು: ಈ ಐದನ್ನು ಗುಣಿಸಿ ಕೂಡಿದರೆ ಹೊಸ ಉತ್ತರ. ಹೊರಗೆ ಹೋದದ್ದು ಮತ್ತೆ ಒಳಗೆ ಬಂದು ಲೆಕ್ಕಕ್ಕೆ ಸೇರುವ ಇಂಥ ಫಿಲ್ಟರೇ ಐಐಆರ್.

ಭಾನುವಾರದ ಐದು ಗಂಟೆಯೂ ಝಡ್-ಟ್ರಾನ್ಸ್‌ಫಾರ್ಮ್‌ಗೆ. ಇದರಲ್ಲಿ ಜಿಪುಣತನ ಬೇಡ. ಮೊದಲ ಕೆಲಸ, ಮೇಲಿನ ಸಾಲನ್ನು ಝಡ್ ರೂಪಕ್ಕೆ ತರುವುದು. `z^-1` ಕಂಡಲ್ಲೆಲ್ಲ ‘ಒಂದು ಸ್ಯಾಂಪಲ್ ಹಿಂದಿನದು’ ಎಂದು ಓದಿಕೊಳ್ಳಿ. `y` ಇರುವ ಪದಗಳನ್ನೆಲ್ಲ ಎಡಕ್ಕೆ ತಂದು ಭಾಗಿಸಿದರೆ ಹೀಗಾಗುತ್ತದೆ:

```
            0.0976 (1 + z^-1)^2
H(z) = -------------------------------
        1 - 0.9428 z^-1 + 0.3333 z^-2
```

ಎಡಕ್ಕೆ ತರುವಾಗ ಚಿಹ್ನೆ ಬದಲಾಗಬೇಕು. ಮೇಲೆ ಕೂಡಿಸುತ್ತಿದ್ದ 0.9428 ಇಲ್ಲಿ ಕಳೆಯುವ ಪದವಾಗಿದೆ, ಕಳೆಯುತ್ತಿದ್ದ 0.3333 ಕೂಡುವ ಪದವಾಗಿದೆ. ಅವಸರದಲ್ಲಿ ಅತಿ ಹೆಚ್ಚು ತಪ್ಪಾಗುವ ಜಾಗ ಇದು. ತಪ್ಪಿದ್ದೀರೋ ಇಲ್ಲವೋ ನೋಡಲು ಅರ್ಧ ನಿಮಿಷ ಸಾಕು: `z`ಗೆ 1 ಹಾಕಿ. ಮೇಲೆ 0.0976ರ ನಾಲ್ಕರಷ್ಟು, ಅಂದರೆ 0.3905. ಕೆಳಗೆ 1 − 0.9428 + 0.3333, ಅದೂ 0.3905. ಉತ್ತರ 1. `z` ಒಂದಾಗಿರುವುದು ಎಂದರೆ ಏರಿಳಿತವೇ ಇಲ್ಲದ, ಸೊನ್ನೆ ಹರ್ಟ್ಸ್‌ನ ಸಿಗ್ನಲ್. ಕೆಳಗಿನ ಸ್ವರಗಳನ್ನು ಬಿಡುವ ಫಿಲ್ಟರ್ ಅದನ್ನು ಇದ್ದ ಹಾಗೆಯೇ ಬಿಡಬೇಕು, ಬಿಟ್ಟಿದೆ. ಎರಡೂ ಚಿಹ್ನೆ ಹಾಗೆಯೇ ಉಳಿಸಿದ್ದರೆ 0.24 ಬರುತ್ತಿತ್ತು. ಆಗ ಹಿಂದಕ್ಕೆ ಹೋಗಿ ನೋಡಬಹುದು.

ಎರಡನೆಯ ಕೆಲಸ ಪೋಲ್‌ಗಳು. ಕೆಳಗಿನ ಭಾಗ ಸೊನ್ನೆಯಾಗುವ `z` ಬೆಲೆಗಳೇ ಪೋಲ್‌ಗಳು. ವರ್ಗ ಸಮೀಕರಣ ಬಿಡಿಸಿದರೆ 0.4714 ± j0.3333. ಮೂಲಬಿಂದುವಿನಿಂದ ಅವುಗಳ ದೂರ 0.577. ಒಂದಕ್ಕಿಂತ ಕಡಿಮೆ, ಅಂದರೆ ಎರಡೂ ಯೂನಿಟ್ ಸರ್ಕಲ್‌ನ ಒಳಗಿವೆ, ಫಿಲ್ಟರ್ ಸ್ಥಿರ. ಒಂದು ಸ್ಯಾಂಪಲ್ ಒಳಗೆ ಹಾಕಿ ಬಿಟ್ಟರೆ ಅದರ ಪ್ರತಿಧ್ವನಿ ಪ್ರತಿ ಹೆಜ್ಜೆಗೂ ಸುಮಾರು 0.577ರಷ್ಟು ಕುಗ್ಗುತ್ತ ಅಡಗುತ್ತದೆ. ಇದನ್ನು ಕೈಯಾರೆ ನೋಡುವುದು ಬಹಳ ಮುಖ್ಯ. `x[0]` ಒಂದು, ಉಳಿದೆಲ್ಲ ಸೊನ್ನೆ ಎಂದು ಹಾಕಿ ಮೊದಲ ಸಮೀಕರಣವನ್ನು ಎಂಟು ಹೆಜ್ಜೆ ನಡೆಸಿ: 0.0976, 0.2873, 0.3360, 0.2210, 0.0964, 0.0172, −0.0159, −0.0207. ಏರಿ, ಇಳಿದು, ಸೊನ್ನೆಯ ಕೆಳಗೆ ತುಸು ಜಾರಿ, ಸೊರಗುತ್ತದೆ. ಈ ಎಂಟು ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದು ಇಟ್ಟುಕೊಳ್ಳಿ, ಗುರುವಾರ ಬೇಕು.

ಮೂರನೆಯದು ಆರ್‌ಒಸಿ, ಅಂದರೆ ಝಡ್-ಟ್ರಾನ್ಸ್‌ಫಾರ್ಮ್‌ನ ಮೊತ್ತ ಮಿತಿಮೀರದೆ ನಿಲ್ಲುವ ಪ್ರದೇಶ. ಇದನ್ನು ಬರೆಯದೆ ಬಿಟ್ಟರೆ ಉತ್ತರ ಅರ್ಧ. ಏಕೆಂದರೆ ಒಂದೇ ಸೂತ್ರಕ್ಕೆ ಬೇರೆ ಬೇರೆ ಸಿಗ್ನಲ್‌ಗಳು ಹೊಂದುತ್ತವೆ. ಪರೀಕ್ಷೆಯಲ್ಲಿ ಮತ್ತೆ ಮತ್ತೆ ಬರುವ ಮಾದರಿ ಇದು:

```
X(z) = 1 / [(1 - 0.5 z^-1)(1 - 0.25 z^-1)]
```

ಪಾರ್ಷಿಯಲ್ ಫ್ರ್ಯಾಕ್ಷನ್ ಮಾಡಿದರೆ 0.5ರ ಪೋಲ್‌ಗೆ ಗುಣಕ 2, 0.25ರ ಪೋಲ್‌ಗೆ −1. `|z| > 0.5` ಎಂದು ಕೊಟ್ಟಿದ್ದರೆ ಎರಡೂ ಪದಗಳು ಮುಂದಕ್ಕೆ, ಧನ `n` ಕಡೆಗೆ ಸಾಗುತ್ತವೆ: `2(0.5)^n - (0.25)^n`. `|z| < 0.25` ಎಂದಿದ್ದರೆ ಎರಡೂ ಹಿಂದಕ್ಕೆ ಹೋಗುತ್ತವೆ, ಚಿಹ್ನೆಗಳೂ ತಿರುಗುತ್ತವೆ. ನಡುವಿನ ಉಂಗುರ ಕೊಟ್ಟಿದ್ದರೆ 0.25ರ ಪದ ಮುಂದಕ್ಕೆ, 0.5ರ ಪದ ಹಿಂದಕ್ಕೆ. ಈ ಒಂದು ಲೆಕ್ಕವನ್ನು ಮೂರೂ ಪ್ರದೇಶಗಳಿಗೆ ಮಾಡಿದವರಿಗೆ ಆರ್‌ಒಸಿ ಗೊಂದಲ ಉಳಿಯುವುದಿಲ್ಲ. ಪರಿಶೀಲನೆಗೆ ಉದ್ದ ಭಾಗಾಕಾರದ ಮೊದಲ ಎರಡು ಪದ ಸಾಕು. ಅಲ್ಲಿ 1 ಮತ್ತು 0.75 ಬರುತ್ತದೆ. ಮೊದಲ ಸೂತ್ರದಲ್ಲಿ `n`ಗೆ 0 ಹಾಕಿದರೆ 2 − 1, ಅಂದರೆ 1. `n`ಗೆ 1 ಹಾಕಿದರೆ 1 − 0.25, ಅಂದರೆ 0.75.

ನಮ್ಮ ಫಿಲ್ಟರ್‌ನಂತೆ ಮೇಲಿನ ಮತ್ತು ಕೆಳಗಿನ ಘಾತ ಸಮವಾಗಿದ್ದರೆ ನೇರವಾಗಿ ಪಾರ್ಷಿಯಲ್ ಫ್ರ್ಯಾಕ್ಷನ್‌ಗೆ ಇಳಿಯಬಾರದು. ಒಮ್ಮೆ ಭಾಗಿಸಿ ಸ್ಥಿರ ಪದವನ್ನು ಹೊರಗೆ ತೆಗೆಯಿರಿ, ಇಲ್ಲವೇ `X(z)/z` ಮಾಡಿಕೊಂಡು ಹೊರಡಿ.

ಸೋಮವಾರ ಹಗುರ. ಫಿಲ್ಟರ್ ಯಾವ ಸ್ವರವನ್ನು ಎಷ್ಟು ಬಿಡುತ್ತದೆ ಎಂದು ನೋಡುವುದಷ್ಟೆ. `z` ಇದ್ದಲ್ಲಿ `e^(jω)` ಹಾಕಬೇಕು, ಅಂದರೆ ಯೂನಿಟ್ ಸರ್ಕಲ್‌ನ ಮೇಲೆ ನಡೆಯಬೇಕು. 8000 ಸ್ಯಾಂಪಲ್‌ಗೆ ಪೂರ್ತಿ ಒಂದು ಸುತ್ತು, ಹಾಗಾಗಿ 1000 ಹರ್ಟ್ಸ್ ಎಂದರೆ ಸುತ್ತಿನ ಎಂಟನೆಯ ಒಂದು ಭಾಗ, π/4. ಅಲ್ಲಿ ಕೆಳಗಿನ ಭಾಗದ ನಿಜ ಅಂಶ 0.3333, ಕಾಲ್ಪನಿಕ ಅಂಶವೂ 0.3333. ಮೇಲಿನ ಭಾಗದ ಅಳತೆಯೂ 0.3333. ಭಾಗಿಸಿದರೆ 0.7071. ಇದೇ 3 ಡೆಸಿಬೆಲ್ ಇಳಿತ, ಕಟ್‌ಆಫ್ ಎಂದು ಕರೆಯುವ ಬಿಂದು. ಸಂಖ್ಯೆಗಳು ಇಷ್ಟು ಚೊಕ್ಕವಾಗಿ ಬರುತ್ತವೆ ಎಂಬ ಕಾರಣಕ್ಕೇ ಈ ಫಿಲ್ಟರನ್ನು ಆರಿಸಿದ್ದು. 2000 ಹರ್ಟ್ಸ್‌ನಲ್ಲಿ 0.169, 4000ದಲ್ಲಿ ಸೊನ್ನೆ. 4000ಕ್ಕೆ `z` −1 ಆಗುತ್ತದೆ, ಮೇಲಿನ `(1 + z^-1)` ಅಳಿಸಿಹೋಗುತ್ತದೆ. ಸೊನ್ನೆ, 1000, 2000, 4000: ಈ ನಾಲ್ಕು ಬಿಂದುಗಳಿಂದ ಗ್ರಾಫ್ ಎಳೆದರೆ ಪರೀಕ್ಷೆಗೆ ಸಾಕು.

ಇಲ್ಲಿಂದ ಪುಸ್ತಕದ ಕ್ರಮ ಬಿಡಬೇಕು. ಮುಂದೆ ಡಿಎಫ್‌ಟಿ, ಎಫ್‌ಎಫ್‌ಟಿ ಇರುತ್ತದೆ. ಅದನ್ನು ಗುರುವಾರಕ್ಕೆ ತಳ್ಳಿ. ಎಫ್‌ಎಫ್‌ಟಿ ಹೆಚ್ಚಾಗಿ ಕೈಯ ಕೆಲಸ. ದಣಿದಾಗಲೂ ಮಾಡಬಹುದು, ಆದರೆ ಬೇಗ ಮರೆಯುತ್ತದೆ, ಆದ್ದರಿಂದ ಪರೀಕ್ಷೆಗೆ ಹತ್ತಿರ ಇರುವುದೇ ಮೇಲು. ಫಿಲ್ಟರ್ ಡಿಸೈನ್‌ಗೆ ಪೋಲ್, ಝೀರೊ, ಯೂನಿಟ್ ಸರ್ಕಲ್ ತಲೆಯಲ್ಲಿ ಬಿಸಿಯಾಗಿರಬೇಕು. ಅವು ಬಿಸಿಯಾಗಿರುವುದು ಮಂಗಳವಾರ.

ಮಂಗಳವಾರದ ಪ್ರಶ್ನೆ: ಈ 0.0976, 0.9428 ಎಲ್ಲಿಂದ ಬಂದವು? ಪ್ರಶ್ನೆಪತ್ರಿಕೆಯ ಭಾಷೆಯಲ್ಲಿ ಕೇಳಿದರೆ, ‘1000 ಹರ್ಟ್ಸ್‌ನಲ್ಲಿ 3 ಡೆಸಿಬೆಲ್, 2000 ಹರ್ಟ್ಸ್‌ನಲ್ಲಿ ಕನಿಷ್ಠ 15 ಡೆಸಿಬೆಲ್ ಇಳಿತವಿರುವ ಬಟರ್‌ವರ್ತ್ ಫಿಲ್ಟರನ್ನು ಬೈಲೀನಿಯರ್ ವಿಧಾನದಿಂದ ರಚಿಸಿ’. ಬ್ರಿಟಿಷ್ ಎಂಜಿನಿಯರ್ ಸ್ಟೀಫನ್ ಬಟರ್‌ವರ್ತ್ 1930ರಲ್ಲಿ ಪ್ರಕಟಿಸಿದ ಈ ಫಿಲ್ಟರ್ ಅನಲಾಗ್ ಸರ್ಕ್ಯೂಟ್‌ಗೆ ಮಾಡಿದ್ದು. ಅದನ್ನು ಸ್ಯಾಂಪಲ್‌ಗಳ ಲೋಕಕ್ಕೆ ತರುವ ಸೇತುವೆ ಬೈಲೀನಿಯರ್ ಟ್ರಾನ್ಸ್‌ಫಾರ್ಮೇಶನ್.

ಈ ಸೇತುವೆ ದಾಟುವಾಗ ಫ್ರೀಕ್ವೆನ್ಸಿಗಳು ಹಿಂಡಿಕೊಳ್ಳುತ್ತವೆ. ಅನಲಾಗ್‌ನಲ್ಲಿ ಕೊನೆಯಿಲ್ಲದ ಫ್ರೀಕ್ವೆನ್ಸಿಗಳಿವೆ, ಇಲ್ಲಿ 4000 ಹರ್ಟ್ಸ್‌ಗೇ ಮುಗಿಯಿತು. ಅಷ್ಟನ್ನೂ ಇಷ್ಟರೊಳಗೆ ತುಂಬಬೇಕು. ಆದ್ದರಿಂದ ಮೊದಲೇ ಸರಿಪಡಿಸಿಕೊಂಡು ಹೊರಡುತ್ತೇವೆ, ಅದೇ ಪ್ರೀವಾರ್ಪಿಂಗ್. ಸೂತ್ರ `tan(ω/2)`. 1000 ಹರ್ಟ್ಸ್‌ಗೆ `tan(π/8)`, ಅಂದರೆ 0.4142. 2000ಕ್ಕೆ `tan(π/4)`, ಅಂದರೆ 1. ಈ ಹೆಜ್ಜೆ ಮರೆತರೆ 1000 ಬೇಕೆಂದದ್ದು ಸುಮಾರು 953 ಹರ್ಟ್ಸ್‌ನಲ್ಲಿ ನಿಲ್ಲುತ್ತದೆ, ಅದೇನೂ ಎದ್ದು ಕಾಣುವುದಿಲ್ಲ. ಆದರೆ 3000 ಬೇಕೆಂದದ್ದು ಸುಮಾರು 2200ಕ್ಕೆ ಇಳಿಯುತ್ತದೆ. ಮೇಲೆ ಹೋದಷ್ಟೂ ಹಿಂಡು ಹೆಚ್ಚು.

ಇಲ್ಲೇ ಕ್ಯಾಲ್ಕುಲೇಟರ್ ಕಾಡುತ್ತದೆ. ಡಿಗ್ರಿ ಮೋಡ್‌ನಲ್ಲಿದ್ದರೆ `tan(π/8)` 0.4142ರ ಬದಲು 0.00685 ತೋರಿಸುತ್ತದೆ. ಅದನ್ನು ಹಿಡಿದು ಮುಂದುವರಿದರೆ ಎರಡು ಪುಟ ಲೆಕ್ಕವೂ ದಂಡ. ಪರೀಕ್ಷೆಗೆ ಒಯ್ಯುವ ಕ್ಯಾಲ್ಕುಲೇಟರನ್ನೇ ವಾರವಿಡೀ ಬಳಸಿ, ಕೂತ ಕೂಡಲೇ `tan(π/4)` ಒತ್ತಿ ನೋಡಿ. 1 ಬಂದರೆ ರೇಡಿಯನ್.

ಮುಂದೆ ಆರ್ಡರ್. 1 ಮತ್ತು 0.4142ರ ಅನುಪಾತ 2.414. ಬಟರ್‌ವರ್ತ್‌ನ ಆರ್ಡರ್ ಸೂತ್ರಕ್ಕೆ ಹಾಕಿದರೆ 1.94 ಬರುತ್ತದೆ. ಯಾವಾಗಲೂ ಮೇಲಿನ ಪೂರ್ಣ ಸಂಖ್ಯೆಗೇ ಏರಿಸಬೇಕು, ಆದ್ದರಿಂದ 2. ಒಂದಕ್ಕೆ ಇಳಿಸಿದರೆ 2000 ಹರ್ಟ್ಸ್‌ನಲ್ಲಿ 8.3 ಡೆಸಿಬೆಲ್ ಮಾತ್ರ ಸಿಗುತ್ತದೆ, ಎರಡರಲ್ಲಿ 15.4. ಸೋಮವಾರ ಕಂಡ 0.169 ಎಂದರೆ ಇದೇ 15.4 ಡೆಸಿಬೆಲ್.

ಉಳಿದದ್ದು ಬೀಜಗಣಿತ. ಎರಡನೆಯ ಆರ್ಡರ್ ಬಟರ್‌ವರ್ತ್ `1/(s^2 + 1.4142 s + 1)`. ಅದರಲ್ಲಿ `s` ಇದ್ದಲ್ಲಿ `s/0.4142`, ಆಮೇಲೆ `s` ಇದ್ದಲ್ಲಿ `(1 - z^-1)/(1 + z^-1)`. ಎರಡನ್ನೂ ಒಟ್ಟಿಗೆ ಹಾಕಲು ಹೋಗಬೇಡಿ. ಬಿಡಿಸಿದಾಗ ಕೆಳಗಿನ ಮೊದಲ ಪದ 1.7574 ಬರುತ್ತದೆ, ಎಲ್ಲವನ್ನೂ ಅದರಿಂದ ಭಾಗಿಸಿದರೆ ಭಾನುವಾರದ `H(z)` ಹಾಗೆಯೇ ಎದುರಿಗೆ ನಿಲ್ಲುತ್ತದೆ. ಮನೆಯಲ್ಲಿ ಪೈಥಾನ್ ಇದ್ದರೆ ಬೇರೆ ಕಟ್‌ಆಫ್ ಕೊಟ್ಟು ನಾಲ್ಕಾರು ಲೆಕ್ಕ ಮಾಡಿ, ಉತ್ತರ ಹೀಗೆ ತಾಳೆ ನೋಡಿಕೊಳ್ಳಬಹುದು:

```
from scipy.signal import butter
b, a = butter(2, 1000, fs=8000)
print(b, a)
```

ಚೆಬಿಶೇವ್ ಫಿಲ್ಟರ್‌ಗೆ ಈ ವಾರ ಸೂತ್ರ ಮತ್ತು ಹೆಜ್ಜೆ ತಿಳಿದಿದ್ದರೆ ಸಾಕು. ಅದರ ಪೂರ್ತಿ ಸಾಧನೆಗೆ ರಾತ್ರಿ ಕೊಡುವುದು ಸಮಯದ ದುರ್ಬಳಕೆ ಎಂದೇ ನನ್ನ ಅಭಿಪ್ರಾಯ.

ಬುಧವಾರ ಎಫ್‌ಐಆರ್. ಇಲ್ಲಿ ಹೊರಗೆ ಹೋದದ್ದು ಮತ್ತೆ ಒಳಗೆ ಬರುವುದಿಲ್ಲ. ಆದರ್ಶ ಫಿಲ್ಟರ್‌ನ ಉತ್ತರ ಎರಡೂ ಕಡೆ ಕೊನೆಯಿಲ್ಲದೆ ಚಾಚಿರುತ್ತದೆ, ಅದನ್ನು ಒಂದು ಉದ್ದಕ್ಕೆ ಕತ್ತರಿಸಿ, ಅಂಚು ನಯವಾಗಲೆಂದು ವಿಂಡೋದಿಂದ ಗುಣಿಸುತ್ತೇವೆ. ಅದೇ 1000 ಹರ್ಟ್ಸ್ ಕಟ್‌ಆಫ್, 7 ಗುಣಕ, ಹ್ಯಾಮಿಂಗ್ ವಿಂಡೋ ಎಂದು ಪ್ರಶ್ನೆ ಇರಲಿ. ಆದರ್ಶ ಬೆಲೆಗಳು ನಡುವಿನಿಂದ ಹೊರಕ್ಕೆ 0.25, 0.2251, 0.1592, 0.0750. ವಿಂಡೋ 1, 0.77, 0.31, 0.08. ಗುಣಿಸಿದರೆ 0.25, 0.1733, 0.0493, 0.0060. ಎಡಕ್ಕೂ ಬಲಕ್ಕೂ ಕನ್ನಡಿಯಂತೆ ಇವೇ. ಈ ಸಮಮಿತಿ ತಪ್ಪಿದರೆ ಎಲ್ಲೋ ಲೆಕ್ಕ ತಪ್ಪಿದೆ ಎಂದೇ ಅರ್ಥ, ಲೀನಿಯರ್ ಫೇಸ್ ಬರುವುದು ಅದರಿಂದಲೇ.

ಏಳನ್ನೂ ಕೂಡಿದರೆ 0.707. ಸೊನ್ನೆ ಹರ್ಟ್ಸ್‌ನಲ್ಲಿ 1 ಬರಬೇಕಿತ್ತಲ್ಲ ಎಂದು ಇಲ್ಲಿ ಬೆಚ್ಚಿ ಲೆಕ್ಕವನ್ನೆಲ್ಲ ಹೊಡೆದುಹಾಕುವವರಿದ್ದಾರೆ. ತಪ್ಪು ಲೆಕ್ಕದ್ದಲ್ಲ, ಉದ್ದದ್ದು. ಹ್ಯಾಮಿಂಗ್ ವಿಂಡೋದಲ್ಲಿ ಬಿಡುವ ಭಾಗದಿಂದ ತಡೆಯುವ ಭಾಗಕ್ಕೆ ಇಳಿಯಲು ಬೇಕಾಗುವ ಅಗಲ, ಸ್ಯಾಂಪಲ್ ದರದ 3.3ರಷ್ಟನ್ನು ಗುಣಕಗಳ ಸಂಖ್ಯೆಯಿಂದ ಭಾಗಿಸಿದಷ್ಟು. ಏಳಕ್ಕೆ ಅದು ಸುಮಾರು 3770 ಹರ್ಟ್ಸ್; ಕಟ್‌ಆಫೇ 1000 ಇರುವಾಗ ಇಳಿಜಾರು ಸೊನ್ನೆ ಹರ್ಟ್ಸನ್ನೂ ನುಂಗಿಬಿಡುತ್ತದೆ. 500 ಹರ್ಟ್ಸ್‌ನಲ್ಲಿ ಇಳಿಯಬೇಕೆಂದರೆ ಸುಮಾರು 53 ಗುಣಕ ಬೇಕು. ಐಐಆರ್‌ನಲ್ಲಿ ಐದೇ ಗುಣಕಗಳಿದ್ದವು ಎಂಬುದನ್ನು ನೆನೆಯಿರಿ. ಎರಡನ್ನೂ ಹೋಲಿಸಿ ಬರೆಯಿರಿ ಎಂಬ ಪ್ರಶ್ನೆಗೆ ಈ ಎರಡು ಸಂಖ್ಯೆ ಹಾಕಿ, ಎಫ್‌ಐಆರ್‌ನಲ್ಲಿ ಎಲ್ಲ ಸ್ವರಗಳೂ ಸಮಾನವಾಗಿ ತಡವಾಗುತ್ತವೆ, ಪೋಲ್‌ಗಳೆಲ್ಲ ಮೂಲಬಿಂದುವಿನಲ್ಲೇ ಇರುವುದರಿಂದ ಅಸ್ಥಿರವಾಗುವ ಭಯವಿಲ್ಲ ಎಂದು ಸೇರಿಸಿದರೆ ಉತ್ತರಕ್ಕೆ ತೂಕ ಬರುತ್ತದೆ.

ಮಂಗಳವಾರವೋ ಬುಧವಾರವೋ ಓವರ್‌ಟೈಮ್‌ಗೆ ಹೋದರೆ ಗುರುವಾರ ಬೆಳಗಿನ ಗಂಟೆ ಅದಕ್ಕೆ. ಎಫ್‌ಎಫ್‌ಟಿಗೆ ಗುರುವಾರ ರಾತ್ರಿಯೊಂದೇ ಉಳಿದರೂ ನಡೆಯುತ್ತದೆ.

ಆ ರಾತ್ರಿ ಭಾನುವಾರದ ಹಾಳೆ ತೆಗೆಯಿರಿ. ಆ ಎಂಟು ಸಂಖ್ಯೆಗಳಿಗೆ ಎಂಟು ಬಿಂದುವಿನ ಎಫ್‌ಎಫ್‌ಟಿ ಮಾಡಿ. ಒಳಗೆ ಹಾಕುವ ಕ್ರಮ 0, 4, 2, 6, 1, 5, 3, 7. ಮೂರು ಹಂತ, ಹಂತಕ್ಕೆ ನಾಲ್ಕರಂತೆ ಹನ್ನೆರಡು ಬಟರ್‌ಫ್ಲೈ. ಎಂಟು ಬಿಂದು 8000 ಹರ್ಟ್ಸನ್ನು ಹಂಚಿಕೊಳ್ಳುವುದರಿಂದ `X[1]` ಕೂತಿರುವುದು ಸರಿಯಾಗಿ 1000ದ ಮೇಲೆ. ಅದರ ಅಳತೆ 0.714 ಬರುತ್ತದೆ. ಸೋಮವಾರ 0.7071 ಬಂದಿತ್ತು. ಎಂಟರ ನಂತರದ ಬಾಲವನ್ನು ಕತ್ತರಿಸಿದ್ದರಿಂದ ಈ ಸಣ್ಣ ವ್ಯತ್ಯಾಸ. ಝಡ್-ಟ್ರಾನ್ಸ್‌ಫಾರ್ಮನ್ನು ಯೂನಿಟ್ ಸರ್ಕಲ್‌ನ ಎಂಟು ಬಿಂದುಗಳಲ್ಲಿ ನೋಡುವುದೇ ಡಿಎಫ್‌ಟಿ ಎಂಬುದು ಇಲ್ಲಿ ಕಣ್ಣಿಗೇ ಕಾಣುತ್ತದೆ. ತಾಳೆ ನೋಡಲು ಮೂರು ದಾರಿ: `X[0]` ಎಲ್ಲ ಸಂಖ್ಯೆಗಳ ಮೊತ್ತ, `X[4]` ಒಂದು ಬಿಟ್ಟು ಒಂದನ್ನು ಕೂಡಿ ಕಳೆದದ್ದು, `X[7]` ಎಂದರೆ `X[1]`ನ ಕಾಲ್ಪನಿಕ ಭಾಗದ ಚಿಹ್ನೆ ಬದಲಿಸಿದ್ದು. ಮೊದಲೆರಡು ಸರಿಯಿದ್ದು ಮೂರನೆಯದು ತಪ್ಪಿದರೆ ಕೊನೆಯ ಹಂತದ ಗುಣಕಗಳಲ್ಲಿ ಚಿಹ್ನೆ ತಪ್ಪಿದೆಯೇ ಎಂದು ಮೊದಲು ನೋಡಿ.

ರಜೆ ಉಳಿದಿದ್ದರೆ ಶುಕ್ರವಾರ ಅರ್ಧ ದಿನ ಹಾಕಿ, ಒಂದು ಹಳೆಯ ಪತ್ರಿಕೆಯನ್ನು ಮೂರು ಗಂಟೆ ಗಡಿಯಾರ ಇಟ್ಟು ಬರೆಯಿರಿ. ರಜೆ ಸಿಗದಿದ್ದರೆ ಇರುವ ಎರಡೂವರೆ ಗಂಟೆಯಲ್ಲಿ ನಾಲ್ಕೇ ಪ್ರಶ್ನೆ ಬರೆಯಿರಿ, ಐಐಆರ್ ಮತ್ತು ಎಫ್‌ಐಆರ್ ಅದರಲ್ಲಿರಲಿ. ಐದು ಪ್ರಶ್ನೆಗೆ 180 ನಿಮಿಷ ಎಂದರೆ ಒಂದಕ್ಕೆ 36 ನಿಮಿಷ. ಬೈಲೀನಿಯರ್ ಲೆಕ್ಕ ಅದಕ್ಕಿಂತ ಹೆಚ್ಚು ಹೊತ್ತು ಹಿಡಿದರೆ ಎಲ್ಲಿ ತಡವಾಗುತ್ತಿದೆ ಎಂದು ಹುಡುಕಿ. ಸಾಮಾನ್ಯವಾಗಿ ಅದು `(1 + z^-1)^2` ಬಿಡಿಸುವ ಸಾಲು. ಶನಿವಾರ ಆ ಲೆಕ್ಕವನ್ನೇ ಮೊದಲು ಬರೆಯಿರಿ, ತಲೆ ಹಗುರಾಗಿರುವಾಗ. ಎಫ್‌ಎಫ್‌ಟಿಯನ್ನು ಕೊನೆಗೆ ಇಡಿ, ಅದರಲ್ಲಿ ಅರ್ಧಕ್ಕೆ ನಿಂತರೂ ಆ ತನಕ ಬರೆದ ಹಂತಗಳಿಗೆ ಅಂಕ ಸಿಗುತ್ತದೆ.